ಕುರ್ಚಿಗೆ ಸಲ್ಲುವ ಸಂಬೋಧನೆ

(ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳ ಗ್ರಾಮ ಪಂಚಾಯತ್ ಸದಸ್ಯರ ತರಬೇತಿಯಲ್ಲಿ ಪಂಚಾಯತ್ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಪಠ್ಯ)



ನಾನು ಓದಿದ್ದು ಎಂಜಿನಿಯರಿಂಗ್. ಪದವಿಯಲ್ಲಿ ನಮಗೆ ಸೇತುವೆಯ ಭಾರ ಲೆಕ್ಕ ಹಾಕಲು ಕಲಿಸಿದರೇ ಹೊರತು, ತಹಶೀಲ್ದಾರರ ಕೊಠಡಿಗೆ ಹೋದಾಗ ಏನೆಂದು ಕರೆಯಬೇಕೆಂದು ಯಾರೂ ಹೇಳಿಕೊಡಲಿಲ್ಲ. ಸೇವೆಗೆ ಸೇರಿದ ಮೊದಲ ವರ್ಷ ನಾನು ಬರೆದ ಒಂದು ಪತ್ರವು, ವಿಳಾಸದಲ್ಲಿ ಪದನಾಮ ತಪ್ಪಾಗಿದ್ದ ಒಂದೇ ಕಾರಣಕ್ಕೆ, ಎರಡು ಕಚೇರಿಗಳ ಟಪಾಲು ಶಾಖೆಗಳನ್ನು ಸುತ್ತಿ ಮರಳಿ ನನ್ನ ಮೇಜಿಗೇ ಬಂದಿತ್ತು. ಇಂದು ನಾನು ಹೇಳಲಿರುವುದು ಆ ಅನುಭವದಿಂದ ಕಲಿತ ವಿಷಯ.

ನಮ್ಮ ಜಿಲ್ಲೆಯ ಹಿರಿಯರು ಇಂದಿಗೂ ಜಿಲ್ಲಾಧಿಕಾರಿಗಳ ಕಚೇರಿಯನ್ನು ‘ಕಲೆಕ್ಟರ್ ಆಫೀಸು’ ಎನ್ನುತ್ತಾರೆ. ಅದು ಅಜ್ಞಾನವಲ್ಲ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡವು ಮದರಾಸು ಆಡಳಿತದಲ್ಲಿತ್ತು. ಅಲ್ಲಿ ಜಿಲ್ಲೆಯ ಮುಖ್ಯಸ್ಥರು ಕಲೆಕ್ಟರ್. ಮೈಸೂರಿನಲ್ಲಿ ಅದೇ ಹುದ್ದೆಗೆ ಡೆಪ್ಯುಟಿ ಕಮಿಷನರ್ ಎಂಬ ಹೆಸರಿತ್ತು. ಹಾಗೆಯೇ ಸಿವಿಲ್ ನ್ಯಾಯಾಲಯವನ್ನು ‘ಮುನ್ಸೀಫ್ ಕೋರ್ಟು’ ಎನ್ನುವವರು ಬಂಟ್ವಾಳದಲ್ಲಿ ಈಗಲೂ ಸಿಗುತ್ತಾರೆ. ಶಾನುಭೋಗರು ಗ್ರಾಮಕರಣಿಕರಾಗಿ, ಗ್ರಾಮ ಲೆಕ್ಕಿಗರಾಗಿ, ಈಗ ಗ್ರಾಮ ಆಡಳಿತಾಧಿಕಾರಿಗಳಾಗಿದ್ದಾರೆ. ಮಾತಿನಲ್ಲಿ ಹಳೆಯ ಹೆಸರು ಬಂದರೆ ಯಾರೂ ಬೇಸರಪಡುವುದಿಲ್ಲ. ಆದರೆ ಬರವಣಿಗೆಯಲ್ಲಿ ಈಗಿನ ಪದನಾಮವೇ ಇರಬೇಕು, ಏಕೆಂದರೆ ಟಪಾಲು ಸ್ವೀಕರಿಸುವ ಗುಮಾಸ್ತರು ಅದನ್ನು ನೋಡಿಯೇ ಕಡತವನ್ನು ವಿಂಗಡಿಸುತ್ತಾರೆ.

ಮುಖಾಮುಖಿ ಭೇಟಿಯ ಮಟ್ಟಿಗೆ ನಿಯಮ ಬಹಳ ಸರಳ. ಬಾಗಿಲಲ್ಲಿ ಒಂದು ಕ್ಷಣ ನಿಂತು, ‘ನಮಸ್ಕಾರ ಸರ್’ ಅಥವಾ ‘ನಮಸ್ಕಾರ ಮೇಡಂ’ ಎಂದು ಹೇಳಿ, ತಮ್ಮ ಹೆಸರು, ಪಂಚಾಯತ್ ಮತ್ತು ಬಂದ ಕೆಲಸವನ್ನು ಒಂದೇ ವಾಕ್ಯದಲ್ಲಿ ತಿಳಿಸಿದರೆ ಸಾಕು. ‘ಧಣಿ’, ‘ಬುದ್ಧಿ’, ‘ಮಹಾಸ್ವಾಮಿ’ ಬೇಡ. ಇವು ಜಮೀನ್ದಾರಿಕೆಯ ಕಾಲದ ಮಾತುಗಳು. ತಾವು ಒಕ್ಕಲಿನವರಾಗಿ ಹೋಗುತ್ತಿಲ್ಲ, ಚುನಾಯಿತ ಪ್ರತಿನಿಧಿಗಳಾಗಿ ಹೋಗುತ್ತಿದ್ದೀರಿ. ಮಹಿಳಾ ಅಧಿಕಾರಿಯನ್ನು ‘ಅಕ್ಕ’ ಎಂದು ಕರೆಯುವುದು ನಮ್ಮ ಕಡೆ ಪ್ರೀತಿಯ ಮಾತೇ ಆದರೂ, ಪಕ್ಕದಲ್ಲಿ ಕುಳಿತ ಪುರುಷ ಅಧಿಕಾರಿಯನ್ನು ‘ಸರ್’ ಎಂದು ಕರೆದು ಆಕೆಯನ್ನು ಮಾತ್ರ ‘ಅಕ್ಕ’ ಎಂದರೆ ಆ ವ್ಯತ್ಯಾಸ ಎಲ್ಲರಿಗೂ ಕೇಳಿಸುತ್ತದೆ.

ಇದೇ ಪ್ರಶ್ನೆ ತಮ್ಮ ಕಡೆಗೂ ತಿರುಗುತ್ತದೆ. ಅಧ್ಯಕ್ಷೆಯವರ ಜೊತೆಯಲ್ಲಿ ಬಂದ ಪತಿಯನ್ನು ನೋಡಿ ‘ಬನ್ನಿ ಅಧ್ಯಕ್ಷರೇ’ ಎನ್ನುವ ಕಚೇರಿಗಳನ್ನು ನಾನು ಕಂಡಿದ್ದೇನೆ. ಅಂತಹ ಸಂದರ್ಭದಲ್ಲಿ ಆ ಪತಿ ನಕ್ಕು ಸುಮ್ಮನಾಗಬಾರದು. ‘ಅಧ್ಯಕ್ಷರು ಇವರು’ ಎಂದು ಹೇಳಿ ಒಂದು ಹೆಜ್ಜೆ ಹಿಂದೆ ನಿಲ್ಲಬೇಕು.

ಈಗ ಕಷ್ಟದ ಭಾಗಕ್ಕೆ ಬರುತ್ತೇನೆ. ಒಬ್ಬರೇ ಅಧಿಕಾರಿ ಎರಡು ಕುರ್ಚಿಗಳಲ್ಲಿ ಕುಳಿತುಕೊಳ್ಳುತ್ತಾರೆ. ತಹಶೀಲ್ದಾರರು ಕಚೇರಿಯ ಮುಖ್ಯಸ್ಥರೂ ಹೌದು, ತಾಲೂಕು ಕಾರ್ಯನಿರ್ವಾಹಕ ದಂಡಾಧಿಕಾರಿಗಳೂ ಹೌದು. ಸಹಾಯಕ ಆಯುಕ್ತರು ಉಪವಿಭಾಗದ ಆಡಳಿತ ನೋಡುತ್ತಾರೆ, ಉಪವಿಭಾಗೀಯ ದಂಡಾಧಿಕಾರಿಗಳಾಗಿ ಆದೇಶ ಹೊರಡಿಸುತ್ತಾರೆ, ಜೊತೆಗೆ ಕರ್ನಾಟಕ ಭೂ ಕಂದಾಯ ಅಧಿನಿಯಮ 1964ರ 136(2)ನೇ ಪ್ರಕರಣದಡಿ ಪಹಣಿ ಬದಲಾವಣೆಯ ಮೇಲ್ಮನವಿಗಳನ್ನು ವಿಚಾರಣೆ ಮಾಡುತ್ತಾರೆ. ವಿಚಾರಣೆಯ ದಿನ ಅವರ ಕೊಠಡಿ ನ್ಯಾಯಾಲಯವಾಗುತ್ತದೆ. ಅರ್ಜಿಯ ತಲೆಬರಹದಲ್ಲಿಯೂ ‘ಸಹಾಯಕ ಆಯುಕ್ತರ ನ್ಯಾಯಾಲಯದಲ್ಲಿ’ ಎಂದೇ ಇರುತ್ತದೆ.

ಒಂದು ಪ್ರಕರಣವನ್ನು ಹೇಳುತ್ತೇನೆ. ಊರಿನ ಹೆಸರು ಬೇಡ. ಅಂಗನವಾಡಿಗೆ ಕಾದಿರಿಸಿದ್ದ ಜಾಗವು ಪಹಣಿಯಲ್ಲಿ ಖಾಸಗಿಯವರ ಹೆಸರಿಗೆ ಏರಿತ್ತು. ಪಂಚಾಯತ್ ಮೇಲ್ಮನವಿ ಸಲ್ಲಿಸಿತು. ಅದಕ್ಕೆ ಸ್ವಲ್ಪ ಮೊದಲು, ಮಳೆಹಾನಿ ನೋಡಲು ಸಹಾಯಕ ಆಯುಕ್ತರು ಅದೇ ಊರಿಗೆ ಬಂದಿದ್ದರು. ಆಗ ನಮ್ಮ ಸದಸ್ಯರೊಬ್ಬರು ಅವರೊಡನೆ ಓಡಾಡಿ, ಚಹಾ ಕುಡಿಸಿ ಕಳುಹಿಸಿದ್ದರು. ವಿಚಾರಣೆಯ ದಿನ ಪ್ರಕರಣದ ಸಂಖ್ಯೆ ಕೂಗಿದ ಕೂಡಲೇ ಆ ಸದಸ್ಯರು ಮುಂದೆ ಹೋಗಿ, ಕೈಮುಗಿದು, ‘ನಮಸ್ಕಾರ ಸರ್, ಮೊನ್ನೆ ನಮ್ಮೂರಿಗೆ ಬಂದಾಗ ಜಾಗವನ್ನು ತಾವೇ ನೋಡಿದ್ದೀರಲ್ಲ’ ಎಂದರು. ಅವರ ಮನಸ್ಸಿನಲ್ಲಿ ಸೌಜನ್ಯವಲ್ಲದೆ ಬೇರೇನೂ ಇರಲಿಲ್ಲ. ಆದರೆ ಎದುರು ಪಕ್ಷದ ವಕೀಲರು ತಕ್ಷಣ ಎದ್ದು, ತಮ್ಮ ಕಕ್ಷಿದಾರರಿಗೆ ನೋಟಿಸ್ ಇಲ್ಲದೆ ಸ್ಥಳ ಪರಿಶೀಲನೆ ನಡೆದಿದೆ ಎಂದು ಆಕ್ಷೇಪಿಸಿ, ಆ ಮಾತನ್ನು ದಾಖಲಿಸಬೇಕೆಂದು ಕೋರಿದರು. ಅಂದು ಜಾಗದ ವಿಷಯವೇ ಚರ್ಚೆಗೆ ಬರಲಿಲ್ಲ. ಪ್ರಕರಣ ಮುಂದಕ್ಕೆ ಹೋಯಿತು. ಮುಂದಿನ ದಿನಾಂಕದವರೆಗೂ ಅಂಗನವಾಡಿ ಬಾಡಿಗೆ ಕೋಣೆಯಲ್ಲೇ ನಡೆಯಿತು.

ಅದೇ ಸದಸ್ಯರು ಮಾಡಬಹುದಾಗಿದ್ದುದು ಇಷ್ಟೇ: ಸಂಖ್ಯೆ ಕೂಗಿದಾಗ ಎದ್ದು, ತಲೆ ಸ್ವಲ್ಪ ಬಾಗಿಸಿ, ‘ಸರ್, ಮೇಲ್ಮನವಿದಾರ ಪಂಚಾಯತ್ ಪರವಾಗಿ ಹಾಜರಿದ್ದೇನೆ’ ಎನ್ನುವುದು. ಪರಿಚಯದ ಮಾತಿಲ್ಲ, ಊರಿನ ಕುಶಲವಿಲ್ಲ. ಕೊಠಡಿಯಲ್ಲಿ ಯಾವ ಕುರ್ಚಿ ನಡೆಯುತ್ತಿದೆ ಎಂದು ತಿಳಿಯುವುದು ಕಷ್ಟವಲ್ಲ. ಹೊರಗೆ ಪ್ರಕರಣಗಳ ಪಟ್ಟಿ ಅಂಟಿಸಿದ್ದರೆ, ಒಳಗೆ ಕಪ್ಪು ಕೋಟಿನ ವಕೀಲರು ನಿಂತಿದ್ದರೆ, ಅದು ನ್ಯಾಯಾಲಯ. ಸಂದೇಹವಿದ್ದರೆ ಬಾಗಿಲಲ್ಲಿರುವ ಸಿಬ್ಬಂದಿಯನ್ನು ಕೇಳಬಹುದು.

ಯಾವ ಸಹಾಯಕ ಆಯುಕ್ತರು ಎಂಬುದೂ ಮುಖ್ಯ. ಬಂಟ್ವಾಳ ಮತ್ತು ಮೂಡುಬಿದಿರೆ ಮಂಗಳೂರು ಉಪವಿಭಾಗಕ್ಕೆ ಸೇರಿದರೆ, ಬೆಳ್ತಂಗಡಿಯು ಪುತ್ತೂರು ಉಪವಿಭಾಗಕ್ಕೆ ಸೇರುತ್ತದೆ. ಅಧ್ಯಕ್ಷರ ವಿರುದ್ಧ ಅವಿಶ್ವಾಸ ಸೂಚನೆಯನ್ನು ಸಹಿ ಮಾಡಿದ ಸದಸ್ಯರ ಪೈಕಿ ಇಬ್ಬರು ಖುದ್ದಾಗಿ ಸಹಾಯಕ ಆಯುಕ್ತರಿಗೇ ತಲುಪಿಸಬೇಕೆಂದು ನಿಯಮ ಹೇಳುತ್ತದೆ. ಅದನ್ನು ತಾಲೂಕು ಪಂಚಾಯತ್ ಕಾರ್ಯನಿರ್ವಾಹಕ ಅಧಿಕಾರಿಗೋ ತಹಶೀಲ್ದಾರರಿಗೋ ವಿಳಾಸ ಮಾಡಿ ಕೊಟ್ಟರೆ ನಿಯಮದಂತೆ ಕೊಟ್ಟಂತಾಗುವುದಿಲ್ಲ. ಮೂಡುಬಿದಿರೆಯವರಿಗೆ ಇನ್ನೊಂದು ತೊಡಕಿದೆ. ಅಲ್ಲಿನ ಪೊಲೀಸ್ ಠಾಣೆ ಮಂಗಳೂರು ನಗರ ಪೊಲೀಸ್ ಆಯುಕ್ತರ ವ್ಯಾಪ್ತಿಯಲ್ಲಿರುವುದರಿಂದ, ಸಹಾಯಕ ಪೊಲೀಸ್ ಆಯುಕ್ತರೂ ಇದ್ದಾರೆ. ಬರಿದೇ ‘ಸಹಾಯಕ ಆಯುಕ್ತರಿಗೆ’ ಎಂದು ಬರೆದರೆ ಸಾಲದು. ‘ಮಂಗಳೂರು ಉಪವಿಭಾಗ’ ಎಂದು ಸೇರಿಸಬೇಕು. ಬಂಟ್ವಾಳ, ಬೆಳ್ತಂಗಡಿಯವರಿಗೆ ಪೊಲೀಸ್ ಮೇಲಧಿಕಾರಿಯೆಂದರೆ ಜಿಲ್ಲಾ ಪೊಲೀಸ್ ಅಧೀಕ್ಷಕರು.

ಇನ್ನು ನ್ಯಾಯಾಂಗದ ನ್ಯಾಯಾಲಯ. ತಮ್ಮಲ್ಲಿ ಹಲವರಿಗೆ ಮಹಜರಿಗೆ ಸಹಿ ಹಾಕಿದ ಕಾರಣಕ್ಕೆ ಸಾಕ್ಷಿ ಸಮನ್ಸ್ ಬರುತ್ತದೆ. ‘ಮೈ ಲಾರ್ಡ್’ ಎನ್ನಬೇಕೇ ಎಂದು ಕೇಳುವವರು ಬಹಳ. ಬೇಡ. ಭಾರತೀಯ ವಕೀಲರ ಪರಿಷತ್ತು 2006ರಲ್ಲಿಯೇ ತನ್ನ ನಿಯಮಗಳಿಗೆ ಒಂದು ಅಧ್ಯಾಯವನ್ನು ಸೇರಿಸಿ, ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟುಗಳಲ್ಲಿ ‘ಯುವರ್ ಆನರ್’ ಅಥವಾ ‘ಆನರಬಲ್ ಕೋರ್ಟ್’, ಅಧೀನ ನ್ಯಾಯಾಲಯಗಳಲ್ಲಿ ‘ಸರ್’ ಅಥವಾ ಪ್ರಾದೇಶಿಕ ಭಾಷೆಯ ಸಮಾನ ಪದ ಸಾಕೆಂದು ಹೇಳಿತು. 2014ರ ಜನವರಿಯಲ್ಲಿ ನ್ಯಾಯಮೂರ್ತಿ ಎಚ್.ಎಲ್. ದತ್ತು ಮತ್ತು ನ್ಯಾಯಮೂರ್ತಿ ಎಸ್.ಎ. ಬೋಬ್ಡೆ ಅವರ ಪೀಠವು, ‘ಮೈ ಲಾರ್ಡ್’ ಕಡ್ಡಾಯವಲ್ಲ, ಗೌರವಯುತ ಸಂಬೋಧನೆಯಷ್ಟೇ ಬೇಕೆಂದು ಸ್ಪಷ್ಟಪಡಿಸಿತು. 2021ರಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಪಿ. ಕೃಷ್ಣ ಭಟ್ ಅವರು ತಮ್ಮನ್ನು ‘ಸರ್’ ಎಂದೇ ಕರೆಯುವಂತೆ ವಕೀಲರನ್ನು ಕೋರಿದ್ದರು. ಪರಿಷತ್ತಿನ ನಿಯಮ ವಕೀಲರಿಗೆ ಸಂಬಂಧಿಸಿದ್ದು. ಆದರೆ ವಕೀಲರಿಗೇ ಸಾಕಾದುದು ಸಾಕ್ಷಿಗೆ ಸಾಲದೆಂದು ಯಾರೂ ಹೇಳಲಾರರು.

ಸಾಕ್ಷಿಕಟ್ಟೆಯಲ್ಲಿ ಜನರು ತಡವರಿಸುವುದು ಸಂಬೋಧನೆಗಿಂತ ಹೆಚ್ಚಾಗಿ ದಿಕ್ಕಿನ ವಿಷಯದಲ್ಲಿ. ಪ್ರಶ್ನೆ ಕೇಳುವವರು ವಕೀಲರು. ಉತ್ತರ ಸಲ್ಲಬೇಕಾದುದು ನ್ಯಾಯಾಧೀಶರಿಗೆ, ಏಕೆಂದರೆ ಅದು ದಾಖಲಾಗುವುದು ಅವರ ಮುಂದೆ. ಪ್ರತಿ ಉತ್ತರಕ್ಕೂ ‘ಸರ್’ ಸೇರಿಸುವ ಅಗತ್ಯವಿಲ್ಲ. ಪರಿಚಿತ ವಕೀಲರನ್ನು ಕಟ್ಟೆಯ ಮೇಲಿನಿಂದ ‘ಭಟ್ರೇ’, ‘ಶೆಟ್ರೇ’ ಎಂದು ಕರೆಯಬಾರದು. ‘ವಕೀಲರೇ’ ಎಂದರೆ ಸರಿ. ನ್ಯಾಯಾಧೀಶರು ಪೀಠಕ್ಕೆ ಬರುವಾಗ ಎಲ್ಲರೊಡನೆ ಎದ್ದು ನಿಲ್ಲುವುದೇ ನಮಸ್ಕಾರ. ತುಳುವಿನಲ್ಲಿ ಮಾತ್ರ ಸಲೀಸಾಗಿ ಹೇಳಬಲ್ಲವರು ಅದನ್ನು ಆರಂಭದಲ್ಲೇ ತಿಳಿಸಿಬಿಡಬೇಕು. ಬಾರದ ಕನ್ನಡದಲ್ಲಿ ಗೌರವ ತೋರಲು ಹೋಗಿ ಹೇಳಿಕೆ ತಪ್ಪಾದರೆ, ಪಾಟಿ ಸವಾಲಿನಲ್ಲಿ ಆ ತಪ್ಪನ್ನೇ ಹಿಡಿಯುತ್ತಾರೆ.

ಕೊನೆಗೆ ಆಮಂತ್ರಣ ಪತ್ರಿಕೆಯ ಮಾತು. ಕಾನೂನು ಅರಿವು ಕಾರ್ಯಕ್ರಮಕ್ಕೆ ತಾಲೂಕಿನ ನ್ಯಾಯಾಧೀಶರನ್ನು ಕರೆದಾಗ, ಗೌರವ ಹೆಚ್ಚಲೆಂದು ‘ನ್ಯಾಯಮೂರ್ತಿ’ ಎಂದು ಅಚ್ಚು ಹಾಕಿಸುತ್ತೇವೆ. ಆ ಪದ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿನವರಿಗೆ ಸಲ್ಲುವುದು. ಜಿಲ್ಲಾ ನ್ಯಾಯಾಲಯ ಮತ್ತು ಅದರ ಕೆಳಗಿನವರು ನ್ಯಾಯಾಧೀಶರು. ಇಲ್ಲದ ಹುದ್ದೆಯ ಹೆಸರು ಕಾಗದದ ಮೇಲೆ ಬಂದರೆ ಮುಜುಗರವಾಗುವುದು ಅತಿಥಿಗೆ. ಪತ್ರಿಕೆಯ ಕರಡನ್ನು ಮುದ್ರಣಕ್ಕೆ ಕೊಡುವ ಮೊದಲು ನ್ಯಾಯಾಲಯದ ಶಿರಸ್ತೇದಾರರಿಗೆ ತೋರಿಸಿ, ಪೂರ್ಣ ಪದನಾಮವನ್ನು ಅವರ ಕೈಯಲ್ಲೇ ಬರೆಸಿಕೊಳ್ಳಿ. ನಮ್ಮ ಪಂಚಾಯತಿನಲ್ಲಿ ಈಗ ಹಾಗೆಯೇ ಮಾಡುತ್ತಿದ್ದೇವೆ.