ನಡುರಾತ್ರಿಯ ನೀರಿಗೆ ತಕ್ಕ ಸಂಬಳ



ಗಾಲವ ಋಷಿಯ ತಪೋಭೂಮಿಯೆಂಬ ಐತಿಹ್ಯವನ್ನು ಹೊತ್ತು ಕೃಷ್ಣೆಯ ತಡಿಯಲ್ಲಿ ಕುಳಿತಿರುವ ಈ ಗಲಗಲಿಯಲ್ಲಿ ಅರ್ಥಶಾಸ್ತ್ರವನ್ನು ಕುರಿತು ನಾಲ್ಕು ಮಾತನಾಡಬೇಕೆಂದು ದತ್ತಿ ಉಪನ್ಯಾಸದ ಹಿರಿಯರು ಅಪ್ಪಣೆಯಿತ್ತಾಗ, ನನ್ನ ವಿಷಯವನ್ನು ಇಲ್ಲಿಯ ಕಬ್ಬಿನ ಹೊಲದಲ್ಲಿಯೇ ಅರಸುವುದು ಉಚಿತವೆಂದು ತೋರಿತು. ಪೇಟೆಯ ದರಕ್ಕೆ ಆಳು ದೊರೆಯುತ್ತಿರುವಾಗಲೂ ಧಣಿಯಾದವನು ತಿಳಿದು ತಿಳಿದೇ ಅದಕ್ಕಿಂತ ಹೆಚ್ಚಿನ ಸಂಬಳವನ್ನು ಏಕೆ ಕೊಟ್ಟಾನು, ಕೊಡುವುದಾದರೆ ಎಷ್ಟು ಕೊಟ್ಟರೆ ಸಾಕು ಎಂಬುದೇ ಇಂದಿನ ಪ್ರಶ್ನೆ. ಇದಕ್ಕೆ 1984ರಲ್ಲಿ ಕಾರ್ಲ್ ಶಪೀರೊ ಮತ್ತು ಜೋಸೆಫ್ ಸ್ಟಿಗ್ಲಿಟ್ಸ್ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು ಲೆಕ್ಕದ ಉತ್ತರವನ್ನು ಕೊಟ್ಟರು. ಅಂಥ ಸಂಬಳಕ್ಕೆ ದಕ್ಷತಾ ವೇತನವೆಂದು ಹೆಸರು.

ಎಲ್ಲ ಕೆಲಸಕ್ಕೂ ಇದು ಬೇಕಾಗದು. ರಬಕವಿ ಬನಹಟ್ಟಿಯ ಮಗ್ಗದ ಮನೆಗಳಲ್ಲಿ ಕೂಲಿ ಸೀರೆಯ ಲೆಕ್ಕದಲ್ಲಿ ಸಲ್ಲುತ್ತದೆ. ನೇಯ್ದುದೆಷ್ಟು, ಎಳೆ ಎಲ್ಲಿ ತಪ್ಪಿತು ಎಂಬುದನ್ನು ಅರಿವೆಯೇ ಹೇಳುವುದರಿಂದ ನೇಕಾರನ ಬೆನ್ನಿಗೆ ಯಾರೂ ನಿಲ್ಲಬೇಕಾದುದಿಲ್ಲ. ಕಬ್ಬು ಕಡಿಯುವ ಗ್ಯಾಂಗಿಗೂ ಹಾಗೆಯೇ, ಟನ್ನಿನ ಲೆಕ್ಕ. ಅಳತೆ ಸಾಧ್ಯವಿದ್ದಲ್ಲಿ ಮೈಗಳ್ಳತನ ತಾನಾಗಿಯೇ ಕೂಲಿಯಲ್ಲಿ ಕಳೆದುಹೋಗುತ್ತದೆ.

ಆದರೆ ರಾತ್ರಿ ನೀರು ಹಾಯಿಸುವ ಕೆಲಸವನ್ನು ನೋಡಿರಿ. 1989ರಲ್ಲಿ ಜಮಖಂಡಿ ಸೀಮೆಯ ರೈತರು ತಾವೇ ಹಣ ಕೂಡಿಸಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದುದನ್ನು ತಾವೆಲ್ಲ ಬಲ್ಲಿರಿ. ನದಿಯಲ್ಲಿ ನೀರು ನಿಂತಿತು, ಪಂಪುಸೆಟ್ಟುಗಳು ಹೆಚ್ಚಿದವು, ಆದರೆ ತ್ರೀಫೇಸ್ ಕರೆಂಟು ಮಾತ್ರ ಎಷ್ಟೋ ಸಲ ನಡುರಾತ್ರಿಯ ಪಾಳಿಗೇ ಬರುತ್ತದೆ. ಕರೆಂಟು ಬಂದ ಹೊತ್ತಿಗೆ ಎದ್ದು, ಒಂದು ಮಡಿ ತುಂಬಿದೊಡನೆ ಅದರ ಬಾಯಿಯನ್ನು ಕಟ್ಟಿ ಮುಂದಿನದನ್ನು ಕಡಿದು, ಬೆಳಗಿನ ತನಕ ಸಲಿಕೆ ಹಿಡಿದು ತಿರುಗುವುದು ಆ ಆಳಿನ ಕೆಲಸ. ಹಾಗೆ ಮಾಡದೆ ಮೇಲಿನ ಬಾಯಿಯೊಂದನ್ನು ತೆರೆದು, ಗೋಣಿಯ ಕೊಪ್ಪೆ ಹೊದ್ದು ಬದುವಿನ ಮೇಲೆ ಮಲಗಿದನೆನ್ನಿ. ಬೆಳಗ್ಗೆ ಧಣಿ ಬಂದು ನೋಡಿದರೆ ಮೇಲಿನ ಸಾಲುಗಳು ಕೆಸರಾಗಿವೆ, ನೀರು ಹಾಯ್ದಿದೆ. ತುದಿಯ ಸಾಲುಗಳ ಕಬ್ಬು ಮಧ್ಯಾಹ್ನದ ಬಿಸಿಲಿಗೆ ಗರಿ ಸುರುಳಿಕೊಳ್ಳತೊಡಗುವುದು ಎಂಟು ಹತ್ತು ದಿವಸದ ಮೇಲೆ. ಅಷ್ಟರಲ್ಲಿ ತಪ್ಪು ಆಳಿನದೋ, ಅರ್ಧರಾತ್ರಿಗೆ ಹೋದ ಕರೆಂಟಿನದೋ, ಇಲಿಯ ಬಿಲ ಹಿಡಿದು ಪಕ್ಕದ ಹೊಲಕ್ಕೆ ಇಳಿದ ನೀರಿನದೋ ಎಂದು ನಿರ್ಣಯಿಸುವವರಾರು? ಎಕರೆಯ ಲೆಕ್ಕದಲ್ಲಿ ಕೂಲಿ ಗೊತ್ತುಮಾಡಿದರೆ ಅವನು ಅವಸರದಿಂದ ನೆಲದ ಮೈ ತೋಯಿಸಿ ಮುಗಿಸುವನು. ಕಾವಲಿಗೆ ಇನ್ನೊಬ್ಬನನ್ನಿಟ್ಟರೆ ಇಬ್ಬರೂ ಮಲಗಿಯಾರು. ಇದನ್ನು ನಾನು ಬಡವರ ದುರ್ಗುಣವೆಂದು ಹೇಳುತ್ತಿಲ್ಲ. ಪುಷ್ಯಮಾಸದ ಚಳಿಯಲ್ಲಿ, ಹಾವಿನ ಭಯವಿರುವ ಹೊಲದಲ್ಲಿ, ಒಬ್ಬನೇ ನಿಂತ ಯಾರಿಗೇ ಆಗಲಿ ನಿದ್ದೆ ಅಮೃತವಾಗಿ ಕಾಣುವುದು.

ಈಗ ಲೆಕ್ಕಕ್ಕೆ ಬರೋಣ. ಅಂಕಿಗಳು ವಿವರಣೆಗಾಗಿ ನಾನು ಹಿಡಿದವು. ಈ ಕೆಲಸವಿಲ್ಲದಿದ್ದರೆ ಅವನು ಹಗಲುಗೂಲಿ ಮಾಡಿ, ದಣಿವಿನ ಬೆಲೆ ಕಳೆದು, ತಿಂಗಳಿಗೆ 10,000 ರೂಪಾಯಿಯಷ್ಟು ಹಿತ ಪಡೆಯುತ್ತಾನೆ. ರಾತ್ರಿಯೆಲ್ಲ ಎಚ್ಚರವಿರುವ ಕಷ್ಟಕ್ಕೆ ಅವನ ಮನಸ್ಸಿನ ಬೆಲೆ ತಿಂಗಳಿಗೆ 2,000. ಎರಡೂ ಕೂಡಿ 12,000. ಪೇಟೆಯ ದರವೆಂದರೆ ಇದೇ. ಇಷ್ಟನ್ನು ಕೊಟ್ಟರೆ ಆಳು ಬರುತ್ತಾನೆ, ಆದರೆ ಮಲಗುತ್ತಾನೆ. ಏಕೆಂದರೆ ಸಿಕ್ಕಿಬಿದ್ದು ಕೆಲಸ ಹೋದರೂ ಹೊರಗೆ ಅಷ್ಟೇ ಹಿತ ಅವನಿಗಾಗಿ ಕಾದಿದೆ, ಕಳೆದುಕೊಳ್ಳುವಂಥದು ಏನೂ ಇಲ್ಲ. ಆದುದರಿಂದ ಕಳೆದುಕೊಳ್ಳುವುದಕ್ಕೆ ಏನನ್ನಾದರೂ ಅವನ ಕೈಯಲ್ಲಿಡಬೇಕು. ಆ ಹೆಚ್ಚಳ ಎಷ್ಟು?

ಹೆಚ್ಚಳವೂ ಶಾಶ್ವತವಲ್ಲ. ತಪ್ಪಿಲ್ಲದೆಯೂ, ಹೊಲ ಮಾರಿಯೋ ಬೆಳೆ ಬದಲಿಸಿಯೋ, ಕೆಲಸ ನಿಂತುಹೋಗುವ ಸಂಭವ ತಿಂಗಳಿಗೆ ನೂರಕ್ಕೆ 4. ಹೊರಬಿದ್ದವನಿಗೆ ಇಂಥದೇ ಇನ್ನೊಂದು ಕೆಲಸ ಸಿಕ್ಕುವ ಸಂಭವ ನೂರಕ್ಕೆ 20. ನಾಳೆಯ ರೂಪಾಯಿ ಇಂದಿನದಕ್ಕಿಂತ ಕಡಿಮೆಯೆಂಬ ಬಡ್ಡಿಯ ಭಾವನೆಗೆ ನೂರಕ್ಕೆ 1. ಈ ಮೂರೂ ಕೂಡಿ ಹೆಚ್ಚಳದ ಬೆಲೆಯನ್ನು ತಿಂಗಳಿಗೆ ನೂರಕ್ಕೆ 25ರಷ್ಟು, ಅಂದರೆ ಕಾಲುಭಾಗದಷ್ಟು, ಕರಗಿಸುತ್ತವೆ. ಆದಕಾರಣ ತಿಂಗಳ ಹೆಚ್ಚಳಕ್ಕೆ ಅವನು ಕಟ್ಟುವ ಬೆಲೆ ನಾಲ್ಕು ತಿಂಗಳ ಮೊತ್ತದಷ್ಟು. ಧಣಿ ಅನಿರೀಕ್ಷಿತವಾಗಿ ಬ್ಯಾಟರಿ ಹಿಡಿದು ಬಂದು ಮಲಗಿದವನನ್ನು ಕಂಡುಹಿಡಿಯುವ ಸಂಭವ ತಿಂಗಳಿಗೆ ನಾಲ್ಕರಲ್ಲೊಂದು ಎನ್ನೋಣ. ನಾಲ್ಕು ಪಟ್ಟಿನ ನಾಲ್ಕನೆಯ ಒಂದು ಭಾಗವೆಂದರೆ ಹೆಚ್ಚಳವೇ. ಅದು ನಿದ್ದೆಯಿಂದ ಉಳಿಯುವ 2,000ಕ್ಕೆ ಸಮನಾಗಬೇಕು. ಹೀಗಾಗಿ ಸಂಬಳ 14,000. ಒಂದು ಸಾವಿರ ಮಾತ್ರ ಹೆಚ್ಚಿಸಿ ಹದಿಮೂರಕ್ಕೆ ನಿಲ್ಲಿಸಿದ ಧಣಿ ಆ ಸಾವಿರವನ್ನು ಕೃಷ್ಣೆಗೆ ಎಸೆದಂತೆಯೇ. ಆಳು ಸಾವಿರವನ್ನೂ ತೆಗೆದುಕೊಂಡು ಮಲಗುತ್ತಾನೆ.

ಹೊಲ ಮನೆಯಿಂದ ದೂರವಿದ್ದು, ಸಿಕ್ಕಿಬೀಳುವ ಸಂಭವ ಎಂಟರಲ್ಲೊಂದಕ್ಕೆ ಇಳಿದರೆ ಹೆಚ್ಚಳ ಇಮ್ಮಡಿಯಾಗಿ ಸಂಬಳ 16,000ಕ್ಕೆ ಏರಬೇಕು. ಸಕ್ಕರೆ ಕಾರ್ಖಾನೆಗಳ ಹಂಗಾಮು ಶುರುವಾಗಿ ಎಲ್ಲೆಡೆ ಆಳಿಗೆ ಬೇಡಿಕೆ ಬಂದು, ಹೊರಬಿದ್ದವನಿಗೆ ಎರಡೇ ತಿಂಗಳಲ್ಲಿ ಬೇರೊಂದು ಕೆಲಸ ಸಿಕ್ಕುವಂತಾದರೂ ಹೆಚ್ಚುಕಡಿಮೆ ಇದೇ ಫಲ. ಸಂಬಳ ಸಾಲದೆಂಬುದರ ಗುರುತೂ ಒಂದುಂಟು: ಬಿಡಿಸಿದ ದಿವಸ ಆಳು ಹೆಗಲ ಟವೆಲನ್ನು ಝಾಡಿಸಿ ನಗುತ್ತ ಹೊರಟನಾದರೆ ಆ ಕೆಲಸದಲ್ಲಿ ಅವನದೇನೂ ಇರಲಿಲ್ಲ.

ಹೆಚ್ಚು ಕೊಡುವ ಬದಲು ಸಂಬಳದ ಪಾಲನ್ನು ಹಿಡಿದಿಟ್ಟು ಯುಗಾದಿಗೆ ಒಟ್ಟಿಗೆ ಕೊಟ್ಟರಾಗದೇ ಎಂದು ತಾವು ಕೇಳಬಹುದು, ಶಾಸ್ತ್ರಜ್ಞರೂ ಕೇಳಿದರು. ಉಪಾಯ ಸರಿಯೇ, ಆದರೆ ಅದು ಮೈಗಳ್ಳತನವನ್ನು ಆಳಿನಿಂದ ಧಣಿಗೆ ದಾಟಿಸುತ್ತದೆ. ನನ್ನ ಬಾಲ್ಯದಲ್ಲಿ ನಮ್ಮ ಓಣಿಯ ಧಣಿಯೊಬ್ಬನು ಫಾಲ್ಗುಣ ಬಂತೆಂದರೆ ವರ್ಷದಾಳಿನಲ್ಲಿ ತಪ್ಪು ಹುಡುಕಲು ತೊಡಗುತ್ತಿದ್ದನು. ಯುಗಾದಿಯ ಲೆಕ್ಕ ತಪ್ಪಿತಲ್ಲ! ಇನ್ನು ಮುಂಗಡ ಕೊಟ್ಟು ಕಟ್ಟಿಹಾಕುವ ದಾರಿಯಂತೂ ತಿರುವುಮುರುವು: ಅಲ್ಲಿ ಕೆಲಸ ಬಿಟ್ಟವನ ಬಳಿಯೇ ಧಣಿಯ ಹಣ ಉಳಿಯುವುದರಿಂದ ಬಿಡಿಸುವ ಬೆದರಿಕೆಗೆ ಬಲವಿಲ್ಲ, ಬಲಾತ್ಕಾರವೊಂದೇ ಉಳಿಯುತ್ತದೆ, 1976ರ ಕಾಯಿದೆ ಜೀತವನ್ನು ನಿಷೇಧಿಸಿದ್ದು ಅದಕ್ಕಾಗಿ. ನಂಟಸ್ತಿಕೆಯಿಂದಲೋ ಋಣಭಾವದಿಂದಲೋ ನಿದ್ದೆಗೆಡುವವರೂ ಇದ್ದಾರೆ. ಅವರು ಈ ಲೆಕ್ಕದ ಹೊರಗೆ. ಹನಿ ನೀರಾವರಿಯ ಪೈಪು ಹಾಕಿದ ಹೊಲವೂ ಬಹುಮಟ್ಟಿಗೆ ಹೊರಗೆ.

ಕೊನೆಗೆ ಈ ವಾದದ ಕಹಿಯಾದ ಭಾಗ. ಊರಿನ ಧಣಿಗಳೆಲ್ಲರೂ 14,000 ಕೊಡತೊಡಗಿದರೆಂದು ಭಾವಿಸಿರಿ. ಆ ದರಕ್ಕೆ ಬರಲೊಪ್ಪುವವರು ಅನೇಕರು, ಕೆಲಸಗಳು ಕೆಲವೇ. ಉಳಿದವರು ಹಗಲುಗೂಲಿಯಲ್ಲಿ ಕಾಯುತ್ತಾರೆ. ಅವರು ಕಾಯುತ್ತಿರುವುದೇ ಒಳಗಿದ್ದವನನ್ನು ಎಚ್ಚರವಾಗಿಡುವ ಅಂಕುಶ. ಕೆಲಸ ಹೋದರೆ ತಾನೂ ಆ ಸಾಲಿನಲ್ಲಿ ನಿಲ್ಲಬೇಕೆಂದು ಅವನು ಬಲ್ಲನು. ಅವರಲ್ಲೊಬ್ಬನು ಬೆಳಗಿನ ಜಾವ ಬಾಗಿಲಿಗೆ ಬಂದು, “ಗೌಡ್ರ, ನಾ ಹದಿಮೂರಕ್ಕ ಬರ್ತೀನ್ರಿ” ಎನ್ನುತ್ತಾನೆ. ಪೇಟೆಯ ಸಾಮಾನ್ಯ ನ್ಯಾಯದಂತೆ ಅಗ್ಗವಾದುದನ್ನು ಕೊಳ್ಳಬೇಕು. ಗೌಡರು ಕೊಳ್ಳುವುದಿಲ್ಲ. “ಬ್ಯಾಡಪಾ, ಹದಿಮೂರಕ್ಕ ನೀ ಬರ್ತಿ, ನೀರು ಬರೂದಿಲ್ಲ” ಎನ್ನುತ್ತಾರೆ. ನಿಷ್ಠೆಯಿಂದ ದುಡಿಯುವೆನೆಂದು ಅವನು ಆಣೆಯಿಟ್ಟರೂ ಆ ಆಣೆಯನ್ನು ನಡುರಾತ್ರಿಯಲ್ಲಿ ನೋಡುವವರಾರೂ ಇಲ್ಲವಾದ ಕಾರಣ, ಅವನು ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತು, ಚಹಾ ಕುಡಿದು, ಹಗಲುಗೂಲಿಗೆ ನಡೆಯುತ್ತಾನೆ.