ಹೊಗೆ, ಮುರಿದ ಮೂಳೆ ಮತ್ತು ಕೂರದ ಹಲ್ಲು

ಬ್ರಹ್ಮಾವರದಿಂದ ಕುಂದಾಪುರ ದಾಟಿ ಬೈಂದೂರಿನವರೆಗೆ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಯಾವುದೇ ಮೂಳೆ ಆಸ್ಪತ್ರೆಗೆ ಹೋದರೂ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡವರು ಸಿಗುತ್ತಾರೆ. ರಾಡ್ ಹಾಕುವ ಮುನ್ನ ಡಾಕ್ಟರು ಕೇಳುವ ಪ್ರಶ್ನೆಗಳಲ್ಲಿ ಒಂದು, "ಬೀಡಿ ಸಿಗರೇಟ್ ಉಂಟಾ?" ಬರುವ ಉತ್ತರ ಹೆಚ್ಚಾಗಿ ಒಂದೇ: "ಸ್ವಲ್ಪ ಉಂಟು. ಕಾಲಿಗೂ ಅದಕ್ಕೂ ಎಂತ ಸಂಬಂಧ ಮಾರಾಯ್ರೆ?" ಕೆಮ್ಮಿಗೂ ಕ್ಯಾನ್ಸರಿಗೂ ಹೊಗೆ ಕಾರಣ ಎಂದು ಎಲ್ಲರಿಗೂ ಗೊತ್ತು. ಮೂಳೆಗೆ ಅದು ಏನು ಮಾಡುತ್ತದೆ ಎಂಬುದು ಮಾತ್ರ ಪೊಟ್ಟಣದ ಮೇಲಿನ ಚಿತ್ರದಲ್ಲಿ ಬರುವುದಿಲ್ಲ. ಈ ಉಪನ್ಯಾಸ ಆ ಸಂಬಂಧದ ಬಗ್ಗೆ.

ಮೊಣಕಾಲಿನಿಂದ ಪಾದದವರೆಗಿನ ದಪ್ಪ ಮೂಳೆಯನ್ನು ವೈದ್ಯರು ಟಿಬಿಯಾ ಎನ್ನುತ್ತಾರೆ. ಕಾಲಿನ ಮುಂಭಾಗವನ್ನು ಕೈಯಿಂದ ಒತ್ತಿ ನೋಡಿದರೆ ಅದು ಚರ್ಮದ ಅಡಿಯಲ್ಲೇ ಸಿಗುತ್ತದೆ, ನಡುವೆ ಮಾಂಸವೇ ಇಲ್ಲ. ಹಿಂದಿನ ಮೀನಖಂಡದ ಕಡೆಯಿಂದ ರಕ್ತ ಧಾರಾಳವಾಗಿ ಬರುತ್ತದೆ, ಮುಂಭಾಗಕ್ಕೆ ಕಡಿಮೆ. ಕೆಳಗಿನ ಮೂರನೇ ಒಂದು ಭಾಗದಲ್ಲಂತೂ ರಕ್ತ ಸಂಚಾರ ಮೊದಲೇ ಬಡವಾಗಿದೆ. ಬೈಕ್ ಅಪಘಾತದಲ್ಲಿ ಮುರಿಯುವುದು ಹೆಚ್ಚಾಗಿ ಈ ಮೂಳೆಯೇ, ಎಷ್ಟೋ ಸಲ ಚರ್ಮವನ್ನೂ ಹರಿದುಕೊಂಡು.

ಮೂಳೆ ಕೂಡುವುದು ಹೀಗೆ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನೊಳಗೆ ಹೊಸ ಸಣ್ಣ ರಕ್ತನಾಳಗಳು ನುಗ್ಗಬೇಕು. ಎರಡು ಮೂರು ವಾರಗಳಲ್ಲಿ ಎರಡು ತುದಿಗಳ ನಡುವೆ ಮೃದುವಾದ ಎಲುಬು ತಯಾರಾಗುತ್ತದೆ, ಮುಂದಿನ ತಿಂಗಳುಗಳಲ್ಲಿ ಅದು ಗಟ್ಟಿಯಾಗುತ್ತದೆ. ಟಿಬಿಯಾ ಪೂರ್ತಿ ಕೂಡಲು ಸಾಮಾನ್ಯವಾಗಿ ನಾಲ್ಕು ತಿಂಗಳ ಆಸುಪಾಸು ಬೇಕು. ಹೊಗೆ ಕೈ ಹಾಕುವುದು ರಕ್ತನಾಳ ನುಗ್ಗುವ ಆ ಮೊದಲ ಹಂತದಲ್ಲಿ. ನಿಕೋಟಿನ್ ರಕ್ತನಾಳಗಳನ್ನು ಸಂಕುಚಿಸುತ್ತದೆ. ಹೊಗೆಯ ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಅಲ್ಲಿಗೆ ತಲುಪುವ ರಕ್ತ ಕಡಿಮೆ, ತಲುಪಿದ ರಕ್ತದಲ್ಲಿ ಆಮ್ಲಜನಕವೂ ಕಡಿಮೆ. ಮೂಳೆ ಕಟ್ಟುವ ಜೀವಕೋಶಗಳು ನಿಧಾನವಾಗುತ್ತವೆ.

ಬೀಡಿಗೆ ಇಲ್ಲಿ ವಿಶೇಷ ಸ್ಥಾನವಿದೆ. ಕರಾವಳಿಯ ಸಾವಿರಾರು ಮನೆಗಳಲ್ಲಿ ಗೆರಸೆಯನ್ನು ತೊಡೆಯ ಮೇಲಿಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ಉದುರಿಸಿ, ಸುತ್ತಿ ನೂಲು ಕಟ್ಟುವ ಹೆಂಗಸರ ದುಡಿಮೆಯಿಂದ ಮಕ್ಕಳ ಫೀಸು ಕಟ್ಟಲಾಗಿದೆ. ಆ ದುಡಿಮೆಯ ಬಗ್ಗೆ ಗೌರವ ಇಟ್ಟುಕೊಂಡೇ ಬೀಡಿಯ ಗುಣವನ್ನು ಹೇಳಬೇಕಾಗುತ್ತದೆ. ಸಿಗರೇಟಿಗೆ ಹೋಲಿಸಿದರೆ ಅದರೊಳಗಿನ ಹೊಗೆಸೊಪ್ಪು ಕಡಿಮೆ, ನಿಜ. ಆದರೆ ಎಲೆಯಲ್ಲಿ ಕಾಗದದ ಹಾಗೆ ಗಾಳಿ ಆಡುವುದಿಲ್ಲ. ಎಳೆಯುತ್ತಾ ಇರದಿದ್ದರೆ ಆರಿಹೋಗುತ್ತದೆ. ಹಾಗಾಗಿ ಸೇದುವವನು ಬೇಗಬೇಗ, ಜೋರಾಗಿ ಎಳೆಯುತ್ತಾನೆ. ಕೊನೆಗೆ ಒಳಗೆ ಹೋಗುವ ನಿಕೋಟಿನ್, ಟಾರ್, ಕಾರ್ಬನ್ ಮೊನಾಕ್ಸೈಡ್ ಸಿಗರೇಟಿನಷ್ಟೇ ಅಥವಾ ಅದಕ್ಕಿಂತ ಹೆಚ್ಚು. "ಸಿಗರೇಟ್ ಇಲ್ಲ ಡಾಕ್ಟ್ರೇ, ಬೀಡಿ ಮಾತ್ರ" ಎಂಬ ಮಾತಿನಲ್ಲಿರುವ ಸಮಾಧಾನಕ್ಕೆ ಆಧಾರವಿಲ್ಲ.

ಕಲ್ಪಿಸಿಕೊಂಡ, ಆದರೆ ಈ ಭಾಗದ ವೈದ್ಯರಿಗೆ ಚಿರಪರಿಚಿತವಾದ ಒಂದು ಪ್ರಕರಣವನ್ನು ಇಟ್ಟುಕೊಳ್ಳೋಣ. ಗಂಗೊಳ್ಳಿ ಬಂದರಿನಲ್ಲಿ ಬೋಟಿಗೆ ಹೋಗುವ ನಲವತ್ತೈದರ ಗಂಡಸು, ದಿನಕ್ಕೆ ಒಂದು ಕಟ್ಟು ಬೀಡಿ. ತ್ರಾಸಿಯ ಬಳಿ ಬೈಕ್ ಬಿದ್ದು ಕಾಲು ಮುರಿದು ಚರ್ಮ ಹರಿದಿದೆ. ಗಾಯ ತೊಳೆದು ರಾಡ್ ಹಾಕಿದ್ದಾರೆ. ಆರನೇ ವಾರದ ಎಕ್ಸ್‌ರೇಯಲ್ಲಿ ಮುರಿದ ತುದಿಗಳ ಸುತ್ತ ಮಬ್ಬಾದ ಬಿಳಿ ಹೊಗೆಯಂಥ ಹೊಸ ಮೂಳೆ ಕಾಣಬೇಕಿತ್ತು, ಕಂಡಿಲ್ಲ. ನಾಲ್ಕನೇ ತಿಂಗಳಲ್ಲಿ ಕಾಲೂರಿದರೆ ಮುರಿದ ಜಾಗದಲ್ಲೇ ನೋವು, ಎಕ್ಸ್‌ರೇಯಲ್ಲಿ ಗೆರೆ ಹಾಗೇ ಉಳಿದಿದೆ. ಮನೆಯವರು ನಾಟಿ ಪಟ್ಟಿ ಕಟ್ಟುವವರ ಹತ್ತಿರವೂ ಒಮ್ಮೆ ಹೋಗಿ ಬಂದಿದ್ದಾರೆ. ಒಂಬತ್ತು ತಿಂಗಳಾಗಿ, ಕೊನೆಯ ಮೂರು ತಿಂಗಳಲ್ಲಿ ಏನೂ ಬದಲಾಗದಿದ್ದರೆ ವೈದ್ಯರು ಅದನ್ನು ಕೂಡದ ಮೂಳೆ ಎಂದು ನಿರ್ಧರಿಸುತ್ತಾರೆ. ಆಮೇಲೆ ರಾಡ್ ಬದಲಿಸಬೇಕು, ಅಥವಾ ಸೊಂಟದ ಮೂಳೆಯಿಂದ ತುಣುಕು ತೆಗೆದು ಅಲ್ಲಿ ತುಂಬಬೇಕು. ಒಂದು ಮೀನುಗಾರಿಕಾ ಋತು ಕಳೆದುಹೋಗುತ್ತದೆ.

ಇದು ಬರೀ ಊಹೆಯಲ್ಲ. ಚರ್ಮ ಹರಿದು ಟಿಬಿಯಾ ಮುರಿದ 268 ಜನರನ್ನು ಅಮೆರಿಕದ ವೈದ್ಯರು ಹಿಂಬಾಲಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೇದುವವರ ಮೂಳೆ ಕೂಡುವ ಸಾಧ್ಯತೆ ಸೇದದವರಿಗಿಂತ ಶೇಕಡಾ 37ರಷ್ಟು ಕಡಿಮೆ ಇತ್ತು. ಗಾಯಕ್ಕೆ ಸೋಂಕು ತಗಲುವ ಸಾಧ್ಯತೆ ಎರಡು ಪಟ್ಟಿಗೂ ಹೆಚ್ಚು. ಒಪ್ಪಲು ಕಷ್ಟವಾಗುವ ಇನ್ನೊಂದು ಅಂಶವೂ ಅಲ್ಲಿದೆ: ಹಿಂದೆ ಸೇದಿ ಬಿಟ್ಟವರಲ್ಲೂ ಮೂಳೆ ಕೂಡುವ ಸಾಧ್ಯತೆ ಶೇಕಡಾ 32ರಷ್ಟು ಕಡಿಮೆ. ಆದರೆ ಅವರಿಗೆ ಸೋಂಕಿನ ಅಪಾಯ ಈಗಲೂ ಸೇದುವವರಷ್ಟು ಇರಲಿಲ್ಲ. ಬಿಟ್ಟ ಕೂಡಲೇ ಎಲ್ಲವೂ ಸರಿಹೋಗುತ್ತದೆ ಎಂದು ರೋಗಿಗೆ ಹೇಳುವುದು ಸುಳ್ಳಾಗುತ್ತದೆ. ಬಿಡದಿದ್ದರೆ ಇನ್ನಷ್ಟು ಕೆಡುತ್ತದೆ ಎನ್ನುವುದು ಮಾತ್ರ ಸತ್ಯ.

ದವಡೆಯಲ್ಲೂ ನಡೆಯುವುದು ಮೂಳೆ ಕಟ್ಟುವ ಇದೇ ಕೆಲಸ. ಹಲ್ಲಿನ ಇಂಪ್ಲಾಂಟ್ ಎಂದರೆ ದವಡೆಯ ಮೂಳೆಗೆ ಕೂರಿಸುವ ಟೈಟಾನಿಯಂ ಸ್ಕ್ರೂ. ಸ್ವೀಡನ್ನಿನ ಬ್ರೋನೆಮಾರ್ಕ್ ಅವರು ರೋಗಿಯೊಬ್ಬರಿಗೆ ಅದನ್ನು ಮೊದಲ ಬಾರಿ ಹಾಕಿದ್ದು 1965ರಲ್ಲಿ. ಮಣಿಪಾಲದ ದಂತ ವೈದ್ಯಕೀಯ ಕಾಲೇಜು ಶುರುವಾದದ್ದೂ ಅದೇ ವರ್ಷ. ಸ್ಕ್ರೂ ನಿಲ್ಲುವುದು ಅಂಟಿನಿಂದಲ್ಲ, ಸುತ್ತ ಹೊಸ ಮೂಳೆ ಬೆಳೆದು ಅದನ್ನು ಹಿಡಿಯುವುದರಿಂದ. ಹೊಗೆ ಅಲ್ಲೂ ಅಡ್ಡ ಬರುತ್ತದೆ. ಬೇನ್ ಮತ್ತು ಮೋಯ್ ಎಂಬ ವೈದ್ಯರು 1993ರಲ್ಲಿ 540 ರೋಗಿಗಳ 2,194 ಇಂಪ್ಲಾಂಟ್‌ಗಳ ಲೆಕ್ಕ ತೆಗೆದರು. ಸೇದದವರಲ್ಲಿ ವಿಫಲವಾದದ್ದು ಶೇಕಡಾ 4.76, ಸೇದುವವರಲ್ಲಿ 11.28. ಮೂಳೆ ಮೃದುವಾಗಿರುವ ಮೇಲ್ದವಡೆಯಲ್ಲಿ ಪರಿಸ್ಥಿತಿ ಹೆಚ್ಚು ಕೆಟ್ಟದಾಗಿತ್ತು. ಅದಾದ ಮೇಲೆ ಸ್ಕ್ರೂಗಳ ಮೇಲ್ಮೈ ಸುಧಾರಿಸಿದೆ, ವಿಫಲವಾಗುವ ಪ್ರಮಾಣ ತಗ್ಗಿದೆ. ಸೇದುವವರಿಗೂ ಸೇದದವರಿಗೂ ಇರುವ ಅಂತರ ಮಾತ್ರ ಪೂರ್ತಿ ಮುಚ್ಚಿಲ್ಲ.

ಇದೇ ಬೇನ್ ಮುಂದೆ ಒಂದು ಕಾಲಮಿತಿ ಸೂಚಿಸಿದರು: ಇಂಪ್ಲಾಂಟ್ ಹಾಕುವ ಮುನ್ನ ಒಂದು ವಾರ, ಹಾಕಿದ ಮೇಲೆ ಎಂಟು ವಾರ ಹೊಗೆ ಬೇಡ. ಒಟ್ಟು 63 ದಿನ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ, ಹೆಚ್ಚುಕಡಿಮೆ ಅಷ್ಟೇ, ಒಟ್ಟು 61 ದಿನ. ಬೋಟಿನ ರಾತ್ರಿ ನಿದ್ದೆಗೆಡುವಿಕೆ, ಚಳಿ, ಜೊತೆಯವರು ಕೊಡುವ ಬೀಡಿ ಯಾವುದೂ ಇಲ್ಲದೆ, ದಡದಲ್ಲಿ ಬಲೆ ಹೊಲಿಯುತ್ತ ಕೂರುವ ಕಾಲ ಅದು. ಹಲ್ಲು ಹಾಕಿಸಿಕೊಳ್ಳಬೇಕೆಂದಿರುವ ಮೀನುಗಾರನಿಗೆ ಅದಕ್ಕಿಂತ ಅನುಕೂಲದ ಸಮಯ ವರ್ಷದಲ್ಲಿ ಇನ್ನೊಂದಿಲ್ಲ. ಹಲ್ಲಿನ ವೈದ್ಯರು ಮೇ ತಿಂಗಳ ಕೊನೆಗೇ ಈ ಮಾತು ಎತ್ತಿದರೆ ಒಳ್ಳೆಯದು.

ಮೂಳೆಯ ಸಾಂದ್ರತೆಯ ಮೇಲೆ ಹೊಗೆಯ ಪರಿಣಾಮ ನಿಧಾನದ್ದು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 1997ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ಮುಟ್ಟು ನಿಂತ ಮೇಲೆ ಸೇದುವ ಹೆಂಗಸರ ಮೂಳೆ ಪ್ರತಿ ಹತ್ತು ವರ್ಷಕ್ಕೆ ಶೇಕಡಾ ಎರಡರಷ್ಟು ಹೆಚ್ಚುವರಿಯಾಗಿ ಸವೆಯುತ್ತದೆ. ಸೊಂಟದ ಮೂಳೆ ಮುರಿಯುವ ಅಪಾಯ ಅರವತ್ತರಲ್ಲಿ ಶೇಕಡಾ 17, ಎಂಬತ್ತರಲ್ಲಿ ಶೇಕಡಾ 71 ಹೆಚ್ಚು. ಗಂಡಸರ ಮಾಹಿತಿ ಅಷ್ಟು ಸಮೃದ್ಧವಾಗಿಲ್ಲ, ಆದರೂ ದಿಕ್ಕು ಅದೇ.

ಕೊನೆಗೆ ವೈದ್ಯರನ್ನೂ ಮೋಸಗೊಳಿಸುವ ಒಂದು ಸಂಗತಿ. ಒಸಡು ಕೆಟ್ಟಾಗ ಹಲ್ಲುಜ್ಜುವಾಗ ರಕ್ತ ಬರುತ್ತದೆ, ರೋಗಿ ಗಾಬರಿಯಾಗಿ ಬರುತ್ತಾನೆ. ಸೇದುವವನ ಒಸಡಿನ ರಕ್ತನಾಳಗಳು ಸಂಕುಚಿತವಾಗಿರುವುದರಿಂದ ರಕ್ತ ಅಷ್ಟು ಕಾಣುವುದಿಲ್ಲ, ಒಸಡು ಬಿಳಚಿಕೊಂಡು ಗಟ್ಟಿಯಾಗಿರುವಂತೆ ತೋರುತ್ತದೆ. ಇಂಪ್ಲಾಂಟ್ ಇದ್ದರೆ ಒಳಗೆ ಸ್ಕ್ರೂವಿನ ಸುತ್ತ ಮೂಳೆ ಕರಗುತ್ತಿರುತ್ತದೆ. ಅಗಿಯುವಾಗ ನೋವು ಬಂದು, ಸ್ಕ್ರೂ ಸ್ವಲ್ಪ ಅಲುಗಾಡಿ, ಎಕ್ಸ್‌ರೇಯಲ್ಲಿ ಅದರ ಸುತ್ತ ಕಪ್ಪು ಗೆರೆ ಕಂಡಾಗ ಹೆಚ್ಚಿನ ಸಲ ಅದನ್ನು ತೆಗೆಯುವುದೇ ಉಳಿದಿರುತ್ತದೆ. ಆದ್ದರಿಂದ ಸೇದುವವರಿಗೆ ರಕ್ತ ಬರುವವರೆಗೆ ಕಾಯದೆ ಆರು ತಿಂಗಳಿಗೊಮ್ಮೆ ಒಸಡಿನ ಆಳ ಅಳೆದು ಎಕ್ಸ್‌ರೇ ನೋಡಬೇಕು. ಬಿಡಲು ನೆರವು ಬೇಕಿದ್ದರೆ 1800-11-2356 ಸಂಖ್ಯೆಗೆ ಹಣ ಖರ್ಚಿಲ್ಲದೆ ಕರೆ ಮಾಡಬಹುದು.