ಸುಳ್ಳು ಅಳತೆಯ ಮುದ್ರೆ ಒತ್ತೆಂದರೆ ಏನು ಮಾಡಬೇಕು?

(ಗಿರಣಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಮೇಲಿನವರು ಹೇಳಿದ ಕೆಲಸವೇ ಗಿರಣಿಯ ನಿಯಮಕ್ಕೆ ವಿರುದ್ಧವೆಂದು ಕಂಡರೆ, ಕೊಳ್ಳುವವನಿಗೆ ಮೋಸವೆಂದು ತೋರಿದರೆ, ನಾವು ಏನು ಮಾಡಬೇಕು? ಬಟ್ಟೆ ಮಡಿಸುವ ಖಾತೆಯ ಒಂದು ಉದಾಹರಣೆ ತೆಗೆದುಕೊಳ್ಳೋಣ.

ಮಡಿಸುವ ಯಂತ್ರವು ಬಟ್ಟೆಯನ್ನು ಒಂದೊಂದು ಮೀಟರಿನ ಮಡಿಕೆಯಾಗಿ ಹಾಸುತ್ತದೆ. ಇಪ್ಪತ್ತು ಮಡಿಕೆಯಾದರೆ ಥಾನಿನ ಮೇಲೆ 20 ಮೀಟರ್ ಎಂದು ಮುದ್ರೆ. ಮಡಿಕೆ 98 ಸೆಂಟಿಮೀಟರಿಗೇ ತಿರುಗಿದರೆ ಥಾನಿನಲ್ಲಿ ಇರುವುದು 19 ಮೀಟರ್ 60 ಸೆಂಟಿಮೀಟರ್ ಮಾತ್ರ. ಅಂಥ ಅರವತ್ತು ಥಾನುಗಳ ಬೇಲಿನಲ್ಲಿ 24 ಮೀಟರ್ ಬಟ್ಟೆಯೇ ಇಲ್ಲ! ಪೇಟೆಯ ಸಣ್ಣ ವ್ಯಾಪಾರಿ 20 ಮೀಟರಿನ ಹಣ ತೆತ್ತು, ತನ್ನ ಮೀಟರ್ ಕೋಲಿನಿಂದ ಸರಿಯಾಗಿ ಅಳೆದು ಮಾರುತ್ತಾನೆ. ಕೊರತೆಯೆಲ್ಲ ಅವನ ತಲೆಗೆ.

ಹಾಗೆಂದು ಕಂಡೊಡನೆ ಕೂಗಾಡುವುದು ತರವಲ್ಲ. ಯಂತ್ರದ ಮೇಲೆ ಬಟ್ಟೆ ಎಳೆತದಲ್ಲಿರುತ್ತದೆ, ಸಡಿಲಾದ ಮೇಲೆ ಕೊಂಚ ಕುಗ್ಗುತ್ತದೆ. ಆದ್ದರಿಂದ ಮೂರು ನಾಲ್ಕು ಥಾನುಗಳನ್ನು ಮೇಜಿನ ಮೇಲೆ ಎಳೆಯದೆ ಹಾಸಿ, ಮುದ್ರೆಯುಳ್ಳ ಮೀಟರ್ ಕೋಲಿನಿಂದ ಅಳೆಯಬೇಕು. ಒಂದೇ ಥಾನು ಕಡಿಮೆಯಾದರೆ ಅದು ಕೈತಪ್ಪು ಇರಬಹುದು. ಎಲ್ಲವೂ ಒಂದೇ ಪ್ರಮಾಣದಲ್ಲಿ ಕಡಿಮೆಯಾದರೆ ದೋಷ ಯಂತ್ರದ ಜೋಡಣೆಯಲ್ಲಿದೆ.

ಆಮೇಲೆ ಜಾಬರನ್ನು ನೇರವಾಗಿ ಕೇಳಬೇಕು: "ಅಳತೆ 19.60 ಬರುತ್ತಿದೆ. 20 ಎಂದು ಒತ್ತಬೇಕೇ? 19.60 ಎಂದೇ ಒತ್ತಲೇ?" ಎಷ್ಟೋ ಸಲ ಅವರಿಗೂ ವಿಷಯ ತಿಳಿದಿರುವುದಿಲ್ಲ, ಯಂತ್ರ ಸರಿಪಡಿಸಿದರೆ ಮುಗಿಯಿತು. "20 ಎಂದೇ ಒತ್ತು" ಎಂದರೆ, ಆ ಮಾತನ್ನು ಬರೆದುಕೊಡಲು ಕೇಳಬೇಕು. ಬಾಯಲ್ಲಿ ಧಾರಾಳವಾಗಿ ಹೇಳುವವರು ಕಾಗದಕ್ಕೆ ಹಿಂಜರಿಯುತ್ತಾರೆ.

ಬರೆದುಕೊಡದಿದ್ದರೆ ನಾವೇ ಬರೆಯೋಣ. ದಿನಾಂಕ, ಪಾಳಿ, ಯಂತ್ರದ ಸಂಖ್ಯೆ, ಅಳೆದ ಥಾನುಗಳು, ಬಂದ ಅಳತೆ, ಸಿಕ್ಕ ಆಜ್ಞೆ. ಇಷ್ಟನ್ನು ನಾಲ್ಕು ಸಾಲಿನಲ್ಲಿ ಮ್ಯಾನೇಜರರಿಗೆ ಕೊಟ್ಟು, ಪ್ರತಿಯ ಮೇಲೆ ಸಹಿ ಪಡೆಯಬೇಕು. ಉತ್ತರ ಬರುವವರೆಗೆ ಸುಳ್ಳು ಮುದ್ರೆಯೊಂದನ್ನು ಮಾತ್ರ ನಿಲ್ಲಿಸಬೇಕು. ಯಂತ್ರ ಬಿಟ್ಟು ಹೋಗಬಾರದು, ಜೋಡಣೆಯನ್ನು ನಾವೇ ತಿರುಗಿಸಬಾರದು, ಉಳಿದ ಕೆಲಸ ನಡೆಸಬೇಕು. ಇಲ್ಲವಾದರೆ ಮೋಸದ ಪ್ರಶ್ನೆ ಮರೆಯಾಗಿ ಶಿಸ್ತಿನ ಪ್ರಶ್ನೆ ಮುಂದೆ ಬರುತ್ತದೆ.

1946ರ ಕಾಯ್ದೆಯಡಿ ಬಂದ ಮಾದರಿ ಸ್ಥಾಯೀ ಆದೇಶಗಳಲ್ಲಿ ಅವಿಧೇಯತೆ ಅಪರಾಧವಾಗಿದ್ದುದು ಕಾನೂನುಬದ್ಧ ಆಜ್ಞೆಯನ್ನು ಮೀರಿದಾಗ. ನಿಮ್ಮ ಗಿರಣಿಯ ಆದೇಶಗಳಲ್ಲಿ ಏನಿದೆಯೆಂದು ಸಂಘದ ಕಚೇರಿಯಲ್ಲಿ ಓದಿಸಿಕೊಳ್ಳಿ. ಆ ಮಾತು ಇದ್ದ ಮಾತ್ರಕ್ಕೆ ನೋಟೀಸು ಬರುವುದಿಲ್ಲವೆಂದಲ್ಲ. ಬಂದಾಗ ಆ ಸಹಿಯ ಪ್ರತಿಯೇ ಆಧಾರ. ಆದ್ದರಿಂದ ಒಬ್ಬನೇ ಹೋಗದೆ ಪಾಳಿಯ ಇಬ್ಬರು ಮೂವರು ಕೂಡಿ ಸಹಿ ಹಾಕುವುದು ಲೇಸು.

ಮ್ಯಾನೇಜರರೂ ಕಿವಿಗೊಡದಿದ್ದರೆ ಸಂಘದ ಮೂಲಕ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು. 2009ರ ಕಾಯ್ದೆ ಇರುವುದೇ ತೂಕ, ಅಳತೆಗಳ ಮೋಸ ತಡೆಯಲು. ವ್ಯಾಪಾರಿ ಮಿತ್ರರೂ ಬೇಲು ಬಿಚ್ಚಿದ ದಿನವೇ ಅಳೆದು ಬರೆದಿಡಲಿ. ಅವರ ಲೆಕ್ಕವೂ ನಮ್ಮ ಲೆಕ್ಕವೂ ತಾಳೆಯಾದರೆ, ಅದನ್ನು ಸುಳ್ಳೆನ್ನುವುದು ಯಾವ ಮಾಲೀಕನಿಗೂ ಸುಲಭವಲ್ಲ.